ಲಿಂಗನಮಕ್ಕಿಯ ಲೆಕ್ಕ ಚುಕ್ತಾ ಆಗದೆ ಶರಾವತಿಗೆ ಇನ್ನೊಂದು ಯೋಜನೆ ಬೇಡ

ಮಾನ್ಯ ಮುಖ್ಯಮಂತ್ರಿಗಳಿಗೆ, ಹಾಗೂ ಇಂಧನ, ಅರಣ್ಯ ಮತ್ತು ಕಂದಾಯ ಖಾತೆಗಳ ಸಚಿವರಿಗೆ,

ಶರಾವತಿ ಕಣಿವೆಯಲ್ಲಿ ನೀರನ್ನು ಮೇಲಕ್ಕೆತ್ತಿ ಕೂಡಿಟ್ಟು ಬೇಕಾದಾಗ ಇಳಿಸಿ ವಿದ್ಯುತ್ ಪಡೆಯುವ, 2,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಕಟ್ಟಲು ಕರ್ನಾಟಕ ವಿದ್ಯುತ್ ನಿಗಮ ಮುಂದಾಗಿರುವುದು ತಮಗೆಲ್ಲ ಗೊತ್ತಿರುವ ವಿಷಯ. 2025ರ ಜೂನ್‌ನಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಇದಕ್ಕೆ ತಾತ್ವಿಕ ಒಪ್ಪಿಗೆ ನೀಡಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಾಗರ ಮತ್ತು ಹೊನ್ನಾವರ ತಾಲೂಕುಗಳಲ್ಲಿ ಸಾರ್ವಜನಿಕ ಅಹವಾಲು ಸಭೆಗಳು ನಡೆದು, ಜನ ದೊಡ್ಡ ಸಂಖ್ಯೆಯಲ್ಲಿ ವಿರೋಧ ದಾಖಲಿಸಿದರು. ಈ ಯೋಜನೆಯ ಬಗ್ಗೆ ಸಿಂಗಳೀಕದ ದೃಷ್ಟಿಯಿಂದ, ಭೂಕುಸಿತದ ದೃಷ್ಟಿಯಿಂದ, ಖರ್ಚಿನ ದೃಷ್ಟಿಯಿಂದ ಬಲ್ಲವರು ಬರೆದಿದ್ದಾರೆ, ಮುಂದೆಯೂ ಬರೆಯುತ್ತಾರೆ. ನಾನು ಈ ಪತ್ರದಲ್ಲಿ ಎತ್ತುತ್ತಿರುವುದು ಅದಕ್ಕಿಂತ ಹಿಂದಿನ ಪ್ರಶ್ನೆ. ಇದೇ ಕಣಿವೆಯಲ್ಲಿ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಗೆ ತೆತ್ತ ಕಾಡೆಷ್ಟು, ಆ ಕಾಡಿನ ಲೆಕ್ಕ ಯಾವ ಕಡತದಲ್ಲಿದೆ, ಆ ಯೋಜನೆಗಾಗಿ ಮನೆಮಠ ಬಿಟ್ಟವರಿಗೆ ಕೊಟ್ಟ ಭೂಮಿ ಇಂದಿಗೂ ಯಾರ ಹೆಸರಿನಲ್ಲಿದೆ? ಇವಕ್ಕೆ ಉತ್ತರ ಸಿಗುವ ಮೊದಲು ಅದೇ ಕಣಿವೆಯಲ್ಲಿ ಮತ್ತೊಂದು ಯೋಜನೆಗೆ ಸಹಿ ಹಾಕುವ ನೈತಿಕ ಅಧಿಕಾರ ಸರ್ಕಾರಕ್ಕೆ ಇದೆಯೇ ಎಂಬುದು ನನ್ನ ಪ್ರಶ್ನೆ.

ಶರಾವತಿಗೆ ಲಿಂಗನಮಕ್ಕಿ ಮೊದಲ ಕಟ್ಟೆಯಲ್ಲ. ಜೋಗದ ಬುಡದಲ್ಲಿ 1948ರಲ್ಲಿ ಆರಂಭವಾಗಿ ಮುಂದೆ 120 ಮೆಗಾವಾಟ್‌ಗೆ ಬೆಳೆದ ವಿದ್ಯುದಾಗಾರಕ್ಕೆ ನೀರು ಒದಗಿಸಲೆಂದು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟೆಯನ್ನು ಕಟ್ಟಲಾಗಿತ್ತು. ನೀರು ನಿಗದಿತ ಮಟ್ಟಕ್ಕೆ ಬಂದಾಗ ತಾನಾಗಿ ಹೊರಹರಿಯುವ ಸೈಫನ್‌ಗಳನ್ನು ಹೊಂದಿದ್ದ, ಆ ಕಾಲಕ್ಕೆ ಹೆಸರು ಮಾಡಿದ್ದ ಕಟ್ಟೆ ಅದು. ಎರಡು ದಶಕ ತುಂಬುವುದರೊಳಗೆ ಲಿಂಗನಮಕ್ಕಿಯ ಹಿನ್ನೀರು ಅದನ್ನು ನುಂಗಿತು. ಮಳೆ ಕೊರತೆಯ ವರ್ಷಗಳ ಬೇಸಿಗೆಯಲ್ಲಿ ಆ ಕಟ್ಟೆ ಇಂದಿಗೂ ನೀರಿನಿಂದ ಮೇಲೆ ಬರುತ್ತದೆ. ಸುತ್ತಲ ಕೆಸರುನೆಲದಲ್ಲಿ ಅಂದು ಮುಳುಗಿದ ಮರಗಳ ಕರಿಬೊಡ್ಡೆಗಳು ಸಾಲುಸಾಲಾಗಿ ಕಾಣುತ್ತವೆ. ನೀರಿನಡಿ ಗಾಳಿ ತಾಗದ ಮರ ಬೇಗ ಕೊಳೆಯುವುದಿಲ್ಲ. ಒಂದು ಯೋಜನೆಗಾಗಿ ಮುಳುಗಿಸಿದ ನೆಲವನ್ನೂ, ಆ ಯೋಜನೆಯನ್ನೂ, ಅದಕ್ಕೆ ಖರ್ಚಾದ ಸಾರ್ವಜನಿಕ ಹಣವನ್ನೂ ಮುಂದಿನ ಯೋಜನೆ ಒಟ್ಟಿಗೇ ಮುಳುಗಿಸಿದ ಉದಾಹರಣೆ ಈ ಕಣಿವೆಯಲ್ಲೇ ಇರುವುದರಿಂದ, ‘ಇದು ಕೊನೆಯ ಯೋಜನೆ’ ಎಂಬ ಮಾತನ್ನು ಇಲ್ಲಿಯ ಜನ ಸುಲಭವಾಗಿ ನಂಬುವುದಿಲ್ಲ. ಲಿಂಗನಮಕ್ಕಿಯ ನಂತರವೂ ಕೆಳಗಡೆ ಗೇರುಸೊಪ್ಪೆಯಲ್ಲಿ, ಮೇಲಿನ ವಿದ್ಯುದಾಗಾರದಿಂದ ಹೊರಬಂದ ನೀರನ್ನೇ ಮತ್ತೆ ಬಳಸುವ, 240 ಮೆಗಾವಾಟ್‌ನ ಟೇಲ್‌ರೇಸ್ ಯೋಜನೆ ಬಂದಿತು. ಈಗ ಪಂಪ್ಡ್ ಸ್ಟೋರೇಜ್ ಬಂದು ನಿಂತಿದೆ.

ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ, ಸಂಗ್ರಹ ಸುಮಾರು 151 ಟಿಎಂಸಿ ಎಂಬುದು ಶಾಲೆಯ ಮಕ್ಕಳಿಗೂ ಬಾಯಿಪಾಠ. ಆ ಮಟ್ಟ ತುಂಬಿದಾಗ ನೀರು ಹರಡುವ ನೆಲ 300 ಚದರ ಕಿಲೋಮೀಟರ್‌ಗೂ ಹೆಚ್ಚು ಎಂಬುದನ್ನು ಮಾತ್ರ ಅಷ್ಟಾಗಿ ಯಾರೂ ಹೇಳುವುದಿಲ್ಲ. ಮಲೆನಾಡಿನ ಕಣಿವೆಯಲ್ಲಿ ನೀರು ಏರುವಾಗ ಮೊದಲು ಮುಳುಗುವುದು ಕಣಿವೆಯ ತಳ, ಅಂದರೆ ಊರಿನ ಅತ್ಯುತ್ತಮ ಭೂಮಿ. ತಳದಲ್ಲಿ ಗದ್ದೆ, ಅದರ ಅಂಚಿನಲ್ಲಿ ಹಳ್ಳದ ನೀರು ಹಾಯುವ ಅಡಿಕೆ ತೋಟ, ತೋಟದ ಮೇಲೆ ಸೊಪ್ಪಿನಬೆಟ್ಟ, ಅದರಾಚೆಗೆ ಕಾನು ಎಂಬ ದಟ್ಟ ಕಾಡು. ಇಲ್ಲಿನ ಬದುಕು ಈ ನಾಲ್ಕನ್ನೂ ಒಟ್ಟಿಗೆ ಹಿಡಿದುಕೊಂಡು ನಡೆಯುತ್ತಿತ್ತು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಬೆಟ್ಟವಿಲ್ಲದ ತೋಟ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ. ಸೊರಬ ಸೀಮೆಯ ಕಾನುಗಳ ಬಗ್ಗೆ 1868ರಷ್ಟು ಹಿಂದೆಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸರ್ಕಾರಕ್ಕೆ ವರದಿ ಕೊಟ್ಟಿದ್ದರು. ಹಳ್ಳಿಗರು ಕಾನುಗಳಲ್ಲಿ ಮೆಣಸು ಬೆಳೆದು, ಬೈನೆ ಇಳಿಸಿ, ಜಲಮೂಲವಾಗಿ ಅವನ್ನು ಉಳಿಸಿಕೊಂಡು ಬಂದವರು. ಕಾಡೂ ಬೇಸಾಯವೂ ಬೆರೆತ ಇಂಥ ನೆಲವನ್ನು ದಾಖಲೆಯಲ್ಲಿ ‘ಅರಣ್ಯ’ ಇಲ್ಲವೇ ‘ಕೃಷಿ ಭೂಮಿ’ ಎಂದು ಎರಡೇ ಹೋಳಾಗಿ ಬರೆಯುವ ರೂಢಿ ಆ ಶತಮಾನದಲ್ಲೇ ಬಲವಾಯಿತು. ಲಿಂಗನಮಕ್ಕಿಯ ಪರಿಹಾರವನ್ನು ಎಣಿಸಿದವರು ನೆಚ್ಚಿಕೊಂಡದ್ದು ಆ ದಾಖಲೆಯನ್ನೇ. ಗದ್ದೆ ತೋಟಗಳಿಗೆ ದರ ನಿಗದಿಯಾಯಿತು. ಬೆಟ್ಟ, ಕಾನುಗಳು ಸರ್ಕಾರದ್ದೇ ಆದ್ದರಿಂದ ಅವುಗಳ ನಷ್ಟ ಯಾರ ನಷ್ಟವೂ ಆಗಲಿಲ್ಲ.

ಇಲ್ಲಿಂದ ಮುಂದಿನ ಭಾಗವನ್ನು ತಾವು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ಅಣೆಕಟ್ಟೆಯೊಂದಕ್ಕೆ ಎಷ್ಟು ಕಾಡು ಹೋಯಿತು ಎಂದು ಕೇಳಿದರೆ ಎಂಜಿನಿಯರುಗಳು ತೋರಿಸುವುದು ಮುಳುಗಡೆ ರೇಖೆಯೊಳಗಿನ ಕಾಡನ್ನು. ಲಿಂಗನಮಕ್ಕಿಯ ವಿಷಯದಲ್ಲಿ ಕಾಡು ಎರಡು ಬಾರಿ ಹೋಯಿತು. ಮೊದಲನೆಯದು ನೀರಿನಡಿ ಹೋದದ್ದು. ಎರಡನೆಯದು, ಎತ್ತಂಗಡಿಯಾದ ಸಾವಿರಾರು ಕುಟುಂಬಗಳನ್ನು ಸಾಗರ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗ ಮೊದಲಾದ ತಾಲೂಕುಗಳ ಅರಣ್ಯಕ್ಕೆ ಲಾರಿಗಳಲ್ಲಿ ತಂದು ಇಳಿಸಿದಾಗ ಹೋದದ್ದು. ಅಲ್ಲಿ ಅವರು ಮರ ಕಡಿದು, ಬುಡ ಕಿತ್ತು, ಗದ್ದೆ ಮಾಡಿದರು. ಸರ್ಕಾರವೇ ಹೇಳಿದ್ದರಿಂದ ಮಾಡಿದರು. ತೋಟ ಹಾಕಿದ ಮೇಲೆ ಸೊಪ್ಪಿಗಾಗಿ ಸುತ್ತಲಿನ ಕಾಡಿಗೇ ಹೋಗಬೇಕಾಯಿತು, ಏಕೆಂದರೆ ಬಿಟ್ಟು ಬಂದ ಬೆಟ್ಟಕ್ಕೆ ಬದಲಿ ಬೆಟ್ಟವನ್ನು ಯಾರೂ ಕೊಟ್ಟಿರಲಿಲ್ಲ. ಈ ಎರಡನೆಯ ಅರಣ್ಯನಾಶ ಅಣೆಕಟ್ಟೆಯಿಂದ ಹತ್ತಾರು ಮೈಲಿ ದೂರದಲ್ಲಿ, ಬೇರೆ ಬೇರೆ ವಲಯಗಳಲ್ಲಿ, ಹಲವು ವರ್ಷಗಳ ಉದ್ದಕ್ಕೂ ನಡೆದದ್ದರಿಂದ ಅದು ಅಣೆಕಟ್ಟೆಯ ಖಾತೆಗೆ ಜಮೆಯಾಗಲೇ ಇಲ್ಲ. ಇಂದು ಅದೇ ನೆಲ ಇಲಾಖೆಯ ಪಟ್ಟಿಗಳಲ್ಲಿ ‘ಒತ್ತುವರಿ’ ಎಂದು ಕಾಣಿಸಿಕೊಳ್ಳುತ್ತದೆ. ಸರ್ಕಾರದ ಯೋಜನೆ ಮಾಡಿದ ಅರಣ್ಯನಾಶ ಹೀಗೆ ರೈತನ ಹೆಸರಿಗೆ ವರ್ಗವಾಗಿದೆ.

ಇದು ಹೇಗೆ ಆಯಿತು ಎಂಬುದನ್ನು ಒಂದು ಮನೆಯ ಕಾಗದಗಳಲ್ಲಿ ತೋರಿಸಬಲ್ಲೆ. ನಮ್ಮ ಕುಟುಂಬದ ಪೆಟ್ಟಿಗೆಯಲ್ಲಿ ಅಜ್ಜನ ಹೆಸರಿಗೆ ಭೂಮಿ ಹಂಚಿಕೆಯಾದ ಚೀಟಿ ಇದೆ. ಅದರಲ್ಲಿ ಊರಿನ ಹೆಸರು, ಸರ್ವೆ ನಂಬರ್, ಎಕರೆ ಎಲ್ಲವೂ ಇವೆ. ಕಂದಾಯ ಕಟ್ಟಿದ ರಸೀದಿಗಳೂ ಇವೆ. ಅದೇ ಸರ್ವೆ ನಂಬರಿನ ಪಹಣಿ ತೆಗೆಸಿದರೆ ಮಾಲೀಕರ ಕಾಲಂನಲ್ಲಿ ಇಂದಿಗೂ ‘ಅರಣ್ಯ’ ಎಂದು ಬರುತ್ತದೆ. ಕಚೇರಿಯೊಂದರಲ್ಲಿ ಈ ಎರಡು ಕಾಗದಗಳನ್ನು ಒಟ್ಟಿಗೆ ಇಟ್ಟು ಕೇಳಿದಾಗ, ಚೀಟಿಯೂ ಸರಿ, ಪಹಣಿಯೂ ಸರಿ, ಆದರೆ ಎರಡಕ್ಕೂ ಸಂಬಂಧವಿಲ್ಲ ಎಂಬ ಉತ್ತರ ಸಿಕ್ಕಿತು. ನಡುವೆ ಏನು ತಪ್ಪಿದೆ ಎಂಬುದು ಕಂದಾಯದ ಕೆಲಸ ಬಲ್ಲವರಿಗೆ ಕೂಡಲೇ ತಿಳಿಯುತ್ತದೆ. ಅರಣ್ಯ ಇಲಾಖೆ ಭೂಮಿಯನ್ನು ಬಿಟ್ಟುಕೊಡಬೇಕು, ಮೀಸಲು ಅರಣ್ಯದ ಅಧಿಸೂಚನೆಯಿಂದ ಅಷ್ಟು ಭಾಗವನ್ನು ಕೈಬಿಟ್ಟ ಆದೇಶ ಪ್ರಕಟವಾಗಬೇಕು, ಜಂಟಿ ಅಳತೆ ನಡೆದು ಹದ್ದುಬಸ್ತು ಆಗಬೇಕು, ಆಮೇಲೆ ಪೋಡಿ ಮಾಡಿ ಪ್ರತಿಯೊಬ್ಬರ ಹೆಸರಿಗೆ ಪಹಣಿ ಏಳಬೇಕು. ಎಷ್ಟೋ ಊರುಗಳಲ್ಲಿ ಮೊದಲ ಹೆಜ್ಜೆಯಾದ ಕೂಡಲೇ ಭೂಮಿ ಹಂಚಲಾಯಿತು. ಉಳಿದ ಹೆಜ್ಜೆಗಳು ನಡೆಯಲೇ ಇಲ್ಲ, ಅಥವಾ ಅರ್ಧಕ್ಕೆ ನಿಂತವು. ವಿದ್ಯುತ್ತಿನ ತುರ್ತು ಇದ್ದ ಕಾಲವದು. ಗೇಟು ಇಳಿಸುವ ದಿನ ಮಾತ್ರ ಮುಂದೂಡಲಾಗದ್ದಾಗಿತ್ತು, ಉಳಿದದ್ದನ್ನೆಲ್ಲ ಮುಂದೂಡಬಹುದಾಗಿತ್ತು.

ಮುಂದೂಡಿದ್ದರ ಬೆಲೆ 1980ರ ನಂತರ ಗೊತ್ತಾಯಿತು. ಆ ವರ್ಷದ ಅಕ್ಟೋಬರ್ 25ರಂದು ಜಾರಿಗೆ ಬಂದ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೇಂದ್ರದ ಪೂರ್ವಾನುಮತಿಯಿಲ್ಲದೆ ಯಾವ ರಾಜ್ಯವೂ ಮೀಸಲು ಅರಣ್ಯವನ್ನು ಕೈಬಿಡುವಂತಿಲ್ಲ. ಕಾಯ್ದೆ ಅಗತ್ಯವಾಗಿಯೇ ಇತ್ತು. ಅದಿಲ್ಲದಿದ್ದರೆ ಪಶ್ಚಿಮ ಘಟ್ಟದಲ್ಲಿ ಇನ್ನೂ ಎಷ್ಟು ಉಳಿಯುತ್ತಿತ್ತೋ ಹೇಳಲಾಗದು, ಅದನ್ನು ಸಡಿಲಿಸಬೇಕೆಂದು ನಾನು ಕೇಳುತ್ತಿಲ್ಲ. ಆದರೆ ಅದಕ್ಕೂ ಮೊದಲೇ ಜನರನ್ನು ಕೂರಿಸಿದ್ದ ಭೂಮಿಯ ದಾಖಲೆ ಸರಿಪಡಿಸಲು ರಾಜ್ಯಕ್ಕೆ ದಾರಿ ಮುಚ್ಚಿರಲಿಲ್ಲ. 1990ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಗಳಲ್ಲಿ, ಅರಣ್ಯ ಭೂಮಿಯಲ್ಲಿ ಸರ್ಕಾರವೇ ಹಿಂದೆ ಕೊಟ್ಟ ಪಟ್ಟಾ, ಮಂಜೂರಾತಿಗಳ ತಕರಾರನ್ನು ಬಗೆಹರಿಸುವ ಕ್ರಮವೇ ಪ್ರತ್ಯೇಕವಾಗಿ ಇತ್ತು. ಒತ್ತುವರಿಯೇ ಬೇರೆ, ಸರ್ಕಾರ ಕೊಟ್ಟ ಭೂಮಿಯೇ ಬೇರೆ ಎಂಬ ವ್ಯತ್ಯಾಸವನ್ನು ಆ ಮಾರ್ಗಸೂಚಿ ಸ್ಪಷ್ಟವಾಗಿ ಮಾಡಿತ್ತು. ಶರಾವತಿಯ ಕಡತಗಳೆಲ್ಲವನ್ನೂ ಒಟ್ಟುಮಾಡಿ ಆ ಬಾಗಿಲಿನಿಂದ ಒಯ್ಯಲು ಆಗ ಹತ್ತು ವರ್ಷಗಳ ಕಾಲಾವಕಾಶವಿತ್ತು. 2000ದ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ತನ್ನ ಅನುಮತಿಯಿಲ್ಲದೆ ಯಾವ ಅರಣ್ಯವನ್ನೂ ಮೀಸಲಿನಿಂದ ತೆಗೆಯಬಾರದೆಂದು ಆದೇಶಿಸಿದ ಮೇಲೆ ದಾರಿ ಇನ್ನಷ್ಟು ಕಿರಿದಾಯಿತು. ಅಷ್ಟಾದ ಮೇಲೂ ರಾಜ್ಯ ಸರ್ಕಾರ ಕೇಂದ್ರವನ್ನು ಕೇಳದೆ ತುಂಡುತುಂಡಾಗಿ ಡಿನೋಟಿಫಿಕೇಶನ್ ಆದೇಶಗಳನ್ನು ಹೊರಡಿಸಿ, ಹಕ್ಕುಪತ್ರಗಳನ್ನು ಹಂಚಿತು. ಪೂರ್ವಾನುಮತಿ ಇರಲಿಲ್ಲವೆಂಬ ಕಾರಣಕ್ಕೆ 2021ರಲ್ಲಿ ಅವು ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಹಕ್ಕುಪತ್ರ ಪಡೆದಿದ್ದವರು ಮತ್ತೆ ಮೊದಲಿದ್ದಲ್ಲಿಗೇ ಬಂದರು. ಆ ಕಾಗದ ಇಟ್ಟು ಸಾಲ ಕೇಳಿದರೆ ಬ್ಯಾಂಕು ಕೊಡುವುದಿಲ್ಲ, ಮಕ್ಕಳಲ್ಲಿ ಪಾಲು ಮಾಡಿದರೆ ನೋಂದಣಿಯಾಗುವುದಿಲ್ಲ, ಬೆಳೆವಿಮೆಗೂ ಪಹಣಿಯೇ ಬೇಕು.

ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ಎಂದು ಕೆಲವರು ಸಲಹೆ ಕೊಡುತ್ತಾರೆ. 2006ರ ಆ ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಹಿಂದಿನ 75 ವರ್ಷಗಳಿಂದ ಅರಣ್ಯದಲ್ಲಿ ವಾಸವಾಗಿದ್ದುದನ್ನು ತೋರಿಸಬೇಕು, ಅಂದರೆ 1930ರಿಂದ. ಸರ್ಕಾರದ ಲಾರಿಯಲ್ಲಿ 1960ರ ಆಸುಪಾಸಿನಲ್ಲಿ ಬಂದಿಳಿದ ಕುಟುಂಬ ಅದೇ ಜಾಗದಲ್ಲಿ 1930ರ ದಾಖಲೆಯನ್ನು ಎಲ್ಲಿಂದ ತರಬೇಕು? ಅದರ 1930ರ ಮನೆ ಲಿಂಗನಮಕ್ಕಿಯ ನೀರಿನೊಳಗಿದೆ. ಕಾಯ್ದೆ ಕೇಳುವುದು ಅರಣ್ಯದಲ್ಲಿ ವಾಸ ಮತ್ತು ಅರಣ್ಯದ ಮೇಲಿನ ಅವಲಂಬನೆಯನ್ನು. ಅದೇ ಸರ್ವೆ ನಂಬರಿನಲ್ಲಿ 75 ವರ್ಷ ಇರಬೇಕೆಂದು ಅದು ಹೇಳುವುದಿಲ್ಲ. ಪುನರ್ವಸತಿಯ ಹಕ್ಕು ಸಿಗದೆ ಸ್ಥಳಾಂತರಗೊಂಡವರಿಗೆ ಬದಲಿ ಭೂಮಿಯ ಹಕ್ಕನ್ನು ಮೂರನೇ ಕಲಂ ಗುರುತಿಸುತ್ತದೆ ಕೂಡ. ಕಣಿವೆಯ ಮೂಲ ಊರುಗಳ ಹಳೆಯ ಕಂದಾಯ ದಾಖಲೆಗಳನ್ನು ಹೊರತೆಗೆದು, ಮುಳುಗಿದ ಊರಿನ ವಾಸವನ್ನೂ ಈಗಿನ ಊರಿನ ವಾಸವನ್ನೂ ಕೂಡಿಸಿ ಓದುವ ಮನಸ್ಸು ಉಪವಿಭಾಗ ಮಟ್ಟದ ಸಮಿತಿಗಳಿಗೆ ಇದ್ದರೆ ಎಷ್ಟೋ ಅರ್ಜಿಗಳನ್ನು ಮರುಪರಿಶೀಲಿಸಬಹುದು. ಆ ಹಳೆಯ ದಾಖಲೆಗಳು ಇರುವುದು ಸರ್ಕಾರದ ರೆಕಾರ್ಡ್ ರೂಮುಗಳಲ್ಲಿ, ಅರ್ಜಿದಾರನ ಪೆಟ್ಟಿಗೆಯಲ್ಲಿ ಅಲ್ಲ.

ಕಣಿವೆ ಬಿಡದೆ ಹಿನ್ನೀರಿನ ಆಚೆ ದಡದಲ್ಲಿ ಉಳಿದವರ ಕಥೆ ಬೇರೆ. ಕರೂರು, ಬಾರಂಗಿ ಹೋಬಳಿಗಳ ಜನ ತಾಲೂಕು ಕೇಂದ್ರದಿಂದ ಕಡಿದುಹೋಗಿ ಲಾಂಚನ್ನೇ ನಂಬಿ ಬದುಕಿದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ, ಅಂದರೆ ಅಣೆಕಟ್ಟೆ ಮುಗಿದು ಆರು ದಶಕ ಕಳೆದ ಮೇಲೆ.

ಈ ಹಿನ್ನೆಲೆಯಲ್ಲಿ ಈಗಿನ ಯೋಜನೆಯನ್ನು ನೋಡೋಣ. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪೆ, ಎರಡೂ ಈಗಾಗಲೇ ಇರುವ ಜಲಾಶಯಗಳು. ನಡುವೆ ಸುರಂಗ ಕೊರೆದು, ನೆಲದಡಿ ವಿದ್ಯುದಾಗಾರ ಕಟ್ಟಿ, ವಿದ್ಯುತ್ ಹೆಚ್ಚಿರುವ ಹೊತ್ತಿನಲ್ಲಿ ನೀರನ್ನು ಮೇಲಕ್ಕೆತ್ತಿ, ಬೇಡಿಕೆಯ ಹೊತ್ತಿನಲ್ಲಿ ಕೆಳಕ್ಕೆ ಬಿಡುವುದು. ಹೊಸ ಮುಳುಗಡೆ ಇಲ್ಲ, ಬೇಕಾದ ಅರಣ್ಯ ಸುಮಾರು 54 ಹೆಕ್ಟೇರ್ ಮಾತ್ರ ಎಂಬುದು ನಿಗಮದ ಮುಖ್ಯ ಸಮರ್ಥನೆ. ಲಿಂಗನಮಕ್ಕಿಯ ಮುಂದೆ ಈ ಅಂಕಿ ಸಣ್ಣದಾಗಿಯೇ ಕಾಣುತ್ತದೆ. ಆದರೆ ಇದು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ಒಳಗಿನ ನಿತ್ಯಹರಿದ್ವರ್ಣ ಕಾಡು, ಕಡಿಯಬೇಕಾದ ಮರಗಳೇ 15,000ಕ್ಕೂ ಹೆಚ್ಚು. ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ. ಕೊಂಬೆಯಿಂದ ಕೊಂಬೆಗೆ ಸಾಗಿ, ಋತುವಿಗೆ ತಕ್ಕಂತೆ ಹಣ್ಣು ಬಿಡುವ ಬೇರೆ ಬೇರೆ ಮರಗಳನ್ನು ತಲುಪಿ ಬದುಕುವ ಪ್ರಾಣಿ ಅದು. ಭಾರಿ ಯಂತ್ರ ಸಾಗಿಸಲು ಅಗಲಗೊಂಡ ಒಂದು ಘಟ್ಟದ ರಸ್ತೆ, ಅದರ ಮೇಲಿನ ಕೊಂಬೆಗಳ ಹೊದಿಕೆ ಕಳಚಿದರೆ, ಹೆಕ್ಟೇರಿನ ಲೆಕ್ಕದಲ್ಲಿ ತೀರಾ ಚಿಕ್ಕದಾದರೂ ಒಂದು ಗುಂಪನ್ನು ಎರಡು ಹೋಳು ಮಾಡಬಲ್ಲದು. ಸುರಂಗದಿಂದ ಹೊರಬರುವ ಕಲ್ಲುಮಣ್ಣನ್ನು ಕಡಿದಾದ ಇಳಿಜಾರಿನಲ್ಲಿ ಎಲ್ಲಿ ಸುರಿಯುತ್ತಾರೆ, ಕೆಲಸಗಾರರ ವಸತಿಗೆ ಸೌದೆ ಎಲ್ಲಿಂದ ಬರುತ್ತದೆ, ವಿದ್ಯುತ್ ಸಾಗಿಸುವ ಮಾರ್ಗಕ್ಕೆ ಯಾವ ಕಾಡು ಹೋಗುತ್ತದೆ ಎಂಬ ಪ್ರಶ್ನೆಗಳೂ ಆ 54 ಹೆಕ್ಟೇರಿನ ಆಚೆಗೇ ಉಳಿಯುತ್ತವೆ. ಲಿಂಗನಮಕ್ಕಿಯಲ್ಲಿ ಪುನರ್ವಸತಿಯ ಅರಣ್ಯನಾಶ ಮುಳುಗಡೆ ರೇಖೆಯ ಆಚೆಗೆ ಉಳಿದದ್ದು ಹೀಗೆಯೇ.

ವಿದ್ಯುತ್ತಿನ ಲೆಕ್ಕವನ್ನೂ ನೋಡಬೇಕು, ಏಕೆಂದರೆ ಅಂದು ಇಂದು ಎರಡೂ ಕಾಲದಲ್ಲಿ ಯೋಜನೆಯ ಸಮರ್ಥನೆ ನಿಂತಿರುವುದು ಅದರ ಮೇಲೆಯೇ. ಪಂಪ್ಡ್ ಸ್ಟೋರೇಜ್ ವಿದ್ಯುತ್ತನ್ನು ಹುಟ್ಟಿಸುವುದಿಲ್ಲ, ಕೂಡಿಡುತ್ತದೆ; ನೂರು ಯೂನಿಟ್ ಹಾಕಿದರೆ ಮರಳಿ ಸಿಗುವುದು ಹೆಚ್ಚೆಂದರೆ ಎಂಬತ್ತರ ಆಸುಪಾಸು. 2,000 ಮೆಗಾವಾಟನ್ನು ದಿನಕ್ಕೆ ಆರು ಗಂಟೆ ಓಡಿಸಿದರೆ 120 ಲಕ್ಷ ಯೂನಿಟ್ ಸಿಗುತ್ತದೆ, ಅದಕ್ಕಾಗಿ ಸುಮಾರು 150 ಲಕ್ಷ ಯೂನಿಟ್ ವ್ಯಯಿಸಬೇಕು. ಸೌರ ವಿದ್ಯುತ್ ಹಗಲಲ್ಲಿ ಮಿಗುವ ರಾಜ್ಯದಲ್ಲಿ ಇಂಥ ಸಂಗ್ರಹ ಬೇಕೇಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ನನ್ನ ಪ್ರಶ್ನೆ ಇಷ್ಟೇ: ಲಿಂಗನಮಕ್ಕಿಯ ನೀರಿನಿಂದ ನಡೆಯುವ 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರವನ್ನು ಹಗಲು ಸಾಧ್ಯವಾದಷ್ಟು ನಿಲ್ಲಿಸಿ, ಸಂಜೆ ಮತ್ತು ಮುಂಜಾವಿಗೆ ನೀರನ್ನು ಕಾದಿರಿಸಿದರೆ ಎಷ್ಟು ಕೊರತೆ ತುಂಬುತ್ತದೆ? ಹಾಗೆ ಉಳಿಸಿದ ನೀರಿಗೆ ಹೊಸ ಸುರಂಗವೂ ಬೇಡ, ಎತ್ತುವ ನಷ್ಟವೂ ಇಲ್ಲ. ಅದಕ್ಕೂ ಮಿತಿಯಿದೆ: ವರ್ಷದ ಒಳಹರಿವಿಗಿಂತ ಹೆಚ್ಚು ಬಳಸಲಾಗದು, ಮಳೆ ಕೈಕೊಟ್ಟ ವರ್ಷ ಕಷ್ಟ, ಜಲಾಶಯ ತುಂಬಿ ಹರಿಯುವ ಮಳೆಗಾಲದಲ್ಲಿ ಉಳಿಸಿ ಪ್ರಯೋಜನವಿಲ್ಲ. ಈ ಮಿತಿಗಳ ನಂತರ ಉಳಿಯುವ ಕೊರತೆಯನ್ನು ಗಂಟೆಗಂಟೆಯ ಅಂಕಿಗಳೊಂದಿಗೆ ಕನ್ನಡದಲ್ಲಿ ಜನರ ಮುಂದಿಡಬೇಕು. ಆಮೇಲೆ ಆ ಕೊರತೆಗೆ ಬ್ಯಾಟರಿ ಎಷ್ಟು, ಕಾಡಿಲ್ಲದ ಒಣಗುಡ್ಡಗಳಲ್ಲಿ ನದಿಯ ಹೊರಗೆ ಕಟ್ಟಬಹುದಾದ ಪಂಪ್ಡ್ ಸ್ಟೋರೇಜ್ ಎಷ್ಟು, ಅಭಯಾರಣ್ಯದೊಳಗಿನದು ಎಷ್ಟು ಎಂದು ಹೋಲಿಸಿ ತೋರಿಸಬೇಕು.

ಇಂಥ ಹೋಲಿಕೆ ಜನರಿಗೆ ಅರ್ಥವಾಗುವುದಿಲ್ಲ ಎಂದು ಯಾವ ಅಧಿಕಾರಿಯೂ ಹೇಳಬಾರದು. ಉತ್ತರ ಕನ್ನಡದ ಬೇಡ್ತಿ ಜಲವಿದ್ಯುತ್ ಯೋಜನೆಯ ಕಾಲದಲ್ಲಿ, 1981ರ ಆರಂಭದಲ್ಲಿ, ಶಿರಸಿಯ ಅಡಿಕೆ ಬೆಳೆಗಾರರ ಸಹಕಾರಿ ಸಂಘವೇ ತಜ್ಞರನ್ನು ಕರೆಸಿ ಆ ಯೋಜನೆಯ ಲಾಭನಷ್ಟದ ಲೆಕ್ಕವನ್ನು ಬಿಡಿಸಿ ನೋಡಿತು. ಮುಳುಗುವ ಕಾಡಿಗೂ ತೋಟಕ್ಕೂ ಸರಿಯಾದ ಬೆಲೆ ಕಟ್ಟಿದಾಗ ಯೋಜನೆಯ ಲಾಭ ನಿಲ್ಲಲಿಲ್ಲ. ಮುಂದೆ ಸರ್ಕಾರ ಅದನ್ನು ಕೈಬಿಟ್ಟಿತು. ಲಿಂಗನಮಕ್ಕಿಗೂ ಬೇಡ್ತಿಗೂ ನಡುವೆ ಇದ್ದದ್ದು ಎರಡೇ ದಶಕಗಳ ಅಂತರ. ಆದರೆ ಬೇಡ್ತಿಯಲ್ಲಿ ಕಾಗದಗಳು ಸಮಯಕ್ಕೆ ಸರಿಯಾಗಿ ಜನರ ಕೈಗೆ ಸಿಕ್ಕಿದ್ದವು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಹೀಗಿದೆ. ಶರಾವತಿ ಮುಳುಗಡೆಗಾಗಿ ಅಂದು ಬಿಡುಗಡೆಯಾದ, ಬಿಡುಗಡೆಯಾಗಿದೆ ಎಂದು ನಂಬಿ ಹಂಚಿದ ಎಲ್ಲ ಅರಣ್ಯ ಭೂಮಿಯ ಆದೇಶಗಳನ್ನೂ ನಕ್ಷೆಗಳನ್ನೂ ಸರ್ವೆ ನಂಬರುವಾರು ಪ್ರಕಟಿಸಿ, ಅವು ಗ್ರಾಮ ಪಂಚಾಯಿತಿಯಲ್ಲಿ ಜನ ಓದಲು ಸಿಗುವಂತೆ ಮಾಡಬೇಕು. ಅರಣ್ಯ ಮತ್ತು ಕಂದಾಯ ಇಲಾಖೆಗಳು ಒಟ್ಟಾಗಿ ಅಳತೆ ಮುಗಿಸಿ, ಮುಳುಗಡೆ ಕುಟುಂಬಗಳು ಸಾಗುವಳಿ ಮಾಡುತ್ತಿರುವ ಭೂಮಿಯನ್ನು ನಂತರದ ಒತ್ತುವರಿಯಿಂದ ಪ್ರತ್ಯೇಕಿಸಬೇಕು. ನಮ್ಮ ಹೆಸರಿನ ನೆರಳಿನಲ್ಲಿ ಕಾಡು ಕಬಳಿಸಿದವರಿಗೆ ಇದರ ಲಾಭ ಸಿಗಬಾರದು. ಹಾಗೆ ಪ್ರತ್ಯೇಕವಾದ ಭೂಮಿಗೆ ತುಂಡು ಆದೇಶಗಳ ಬದಲು ಒಂದೇ ಸಮಗ್ರ ಪ್ರಸ್ತಾವವನ್ನು ಕೇಂದ್ರಕ್ಕೂ, ಅಗತ್ಯವಿರುವಲ್ಲಿ ಸುಪ್ರೀಂ ಕೋರ್ಟಿಗೂ ಸಲ್ಲಿಸಬೇಕು. ಬದಲಿ ಅರಣ್ಯ ಬೆಳೆಸುವ ಹೊಣೆಯನ್ನು ಆರು ದಶಕಗಳಿಂದ ಈ ನದಿಯ ವಿದ್ಯುತ್ ಮಾರಿದ ಖಾತೆಯೇ ಹೊರಬೇಕು; ಅದೂ ಅಕೇಶಿಯಾ ನೆಡುತೋಪಾಗಿ ಅಲ್ಲ, ಕಣಿವೆಯ ಸ್ವಂತ ಮರಗಳ ಕಾಡಾಗಿ. ಈ ಕೆಲಸ ಮುಗಿಯುವವರೆಗೆ ಪಂಪ್ಡ್ ಸ್ಟೋರೇಜ್ ಯೋಜನೆಯ ಅರಣ್ಯ ಅನುಮತಿಯ ಪ್ರಸ್ತಾವವನ್ನು ರಾಜ್ಯ ಸರ್ಕಾರ ತಾನಾಗಿ ತಡೆಹಿಡಿಯಬೇಕು.

ಮುಂದಿನ ವಿಧಾನಮಂಡಲ ಅಧಿವೇಶನದ ಒಳಗೆ ಮೊದಲ ಕೋರಿಕೆಯಾದ ದಾಖಲೆಗಳ ಪ್ರಕಟಣೆಗಾದರೂ ದಿನಾಂಕ ಗೊತ್ತುಪಡಿಸಿ ಉತ್ತರಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಶರಾವತಿ ಮುಳುಗಡೆ ಕುಟುಂಬವೊಂದರ ಮೂರನೇ ತಲೆಮಾರಿನ ಕೃಷಿಕ,
ಸಾಗರ ತಾಲೂಕು, ಶಿವಮೊಗ್ಗ ಜಿಲ್ಲೆ